ಚೆಲುವರಿಗೆ ಹೆಣ್ಣುಮಕ್ಕಳೇ ಹೆಚ್ಚೇ?

ನೋಡಲು ಚೆನ್ನಾಗಿರುವ ತಂದೆತಾಯಿಗೆ ಹೆಣ್ಣುಮಕ್ಕಳು ಹೆಚ್ಚು ಹುಟ್ಟುತ್ತಾರೆ ಎಂಬ ಪ್ರಬಂಧವೊಂದು 2007ರಲ್ಲಿ ‘ಜರ್ನಲ್ ಆಫ್ ಥಿಯರೆಟಿಕಲ್ ಬಯಾಲಜಿ’ಯಲ್ಲಿ ಪ್ರಕಟವಾಯಿತು. ಬರೆದವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸತೋಶಿ ಕನಜಾವಾ. ಆಧಾರ, ಸುಮಾರು 3000 ಅಮೆರಿಕನ್ನರ ಸಮೀಕ್ಷೆ. ಸಂದರ್ಶನಕ್ಕೆ ಹೋದವರು ಎದುರಿಗೆ ಕೂತವರ ರೂಪಕ್ಕೆ 1ರಿಂದ 5ರವರೆಗೆ ಅಂಕ ಕೊಟ್ಟಿದ್ದರು. 5 ಅಂಕ ಪಡೆದವರ ಮಕ್ಕಳಲ್ಲಿ ನೂರಕ್ಕೆ 56 ಹೆಣ್ಣು, ಉಳಿದವರಲ್ಲಿ 48. ಎಂಟರ ಅಂತರ! ಸುದ್ದಿಯಾಗಲು ಇನ್ನೇನು ಬೇಕು?

ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಆಂಡ್ರೂ ಗೆಲ್ಮನ್ ಇದನ್ನು ಒಪ್ಪಲಿಲ್ಲ. ಐದು ಗುಂಪುಗಳಿರುವಾಗ ಒಂದನ್ನೇ ಹೆಕ್ಕಿ ಉಳಿದ ನಾಲ್ಕರ ಎದುರು ನಿಲ್ಲಿಸಿದ್ದು ಏಕೆ ಎನ್ನುವುದು ಮೊದಲ ತಕರಾರು. ಕಡಿಮೆ ಅಂಕದಿಂದ ಹೆಚ್ಚಿನ ಅಂಕದತ್ತ ಸಾಲಾಗಿ ಇಟ್ಟರೆ ಹೆಣ್ಣುಮಕ್ಕಳ ಶೇಕಡಾ ಪ್ರಮಾಣ ಹೀಗಿದೆ: 50, 44, 50, 47, 56. ಏರುವುದೂ ಇದೆ, ಇಳಿಯುವುದೂ ಇದೆ. ಈ ಐದು ಚುಕ್ಕೆಗಳ ನಡುವೆ ಒಂದು ನೇರ ಗೆರೆ ಎಳೆಯುವುದೇ ಲೀನಿಯರ್ ರಿಗ್ರೆಶನ್. ಅಂಕ ಒಂದು ಹೆಚ್ಚಿದಾಗ ಗೆರೆ ಎಷ್ಟು ಮೇಲೇರುತ್ತದೆ ಎನ್ನುವುದು ಅದರ ಇಳಿಜಾರು. ಇಲ್ಲಿ ಅದು 1.5. ಅಂದರೆ ತೀರಾ ಸಾಧಾರಣ ರೂಪಿನವರಿಂದ ಅತಿ ಚೆಲುವರವರೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಹೆಣ್ಣುಮಕ್ಕಳ ಪ್ರಮಾಣ ನೂರಕ್ಕೆ 6ರಷ್ಟು ಏರುತ್ತದೆ.

ಆದರೆ ಆ 1.5ರ ಜೊತೆಗೆ ಬರುವ ಅನಿಶ್ಚಿತತೆಯೇ 1.4. ಅದರ ಎರಡರಷ್ಟನ್ನು ಎರಡೂ ಕಡೆ ಬಿಟ್ಟರೆ ಇಳಿಜಾರು -1.3ರಿಂದ 4.3ರವರೆಗೆ ಎಲ್ಲಿ ಬೇಕಾದರೂ ಇರಬಹುದು. ನಡುವೆ ಸೊನ್ನೆಯೂ ಇರುವುದರಿಂದ ಏನೂ ಸಾಬೀತಾಗಿಲ್ಲ ಎಂದು ಸಾಮಾನ್ಯ ಪಾಠ ಹೇಳುತ್ತದೆ, ಅಲ್ಲಿಗೆ ಕೈತೊಳೆದುಕೊಳ್ಳುತ್ತದೆ. ಆದರೆ ಆ ವ್ಯಾಪ್ತಿಯ ಮೇಲಿನ ತುದಿಯನ್ನು ಒಮ್ಮೆ ನೋಡಿ. ಇಳಿಜಾರು 4.3 ಆದರೆ ಎರಡು ತುದಿಗಳ ನಡುವಿನ ಅಂತರ ನೂರಕ್ಕೆ 17. ಮನುಷ್ಯರಲ್ಲಿ ಹುಟ್ಟುವ ಮಕ್ಕಳ ಲಿಂಗಾನುಪಾತ ಬಲ್ಲ ಯಾರೂ ಇದನ್ನು ನಂಬಲಾರರು.

ಏಕೆಂದರೆ ಈ ವಿಷಯದಲ್ಲಿ ನಮಗೆ ಮೊದಲೇ ಬಹಳಷ್ಟು ಗೊತ್ತು. ಅಮೆರಿಕದಲ್ಲಿ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಸುಮಾರು 48.8 ಹೆಣ್ಣು. ತಾಯಿಯ ವಯಸ್ಸು, ಎಷ್ಟನೆಯ ಹೆರಿಗೆ, ಯಾವ ಋತು ಎಂದೆಲ್ಲ ವಿಂಗಡಿಸಿ ನೋಡಿದರೂ ಈ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟೂ ಅಲುಗುವುದಿಲ್ಲ. ಸಮೀಕ್ಷೆಯನ್ನು ತೆರೆಯುವ ಮೊದಲೇ ಕೈಯಲ್ಲಿರುವ ಇಂಥ ತಿಳಿವನ್ನು ಸಂಖ್ಯೆಯಾಗಿಸಿ ಲೆಕ್ಕಕ್ಕೆ ಸೇರಿಸುವುದು ಬೇಯ್ಸ್ ವಿಧಾನ. ಹಾಗೆ ಸೇರಿಸುವ ಮುನ್ನಂದಾಜಿಗೆ ಪ್ರಯರ್ ಎನ್ನುತ್ತಾರೆ. ದತ್ತಾಂಶವೂ ಕೂಡಿದ ಮೇಲೆ ಉಳಿಯುವ ಅಂದಾಜು ಪೋಸ್ಟೀರಿಯರ್.

ಗೆಲ್ಮನ್, ಜೆನಿಫರ್ ಹಿಲ್ ಮತ್ತು ಅಕಿ ವೆಹ್ತಾರಿ 2020ರಲ್ಲಿ ಹೊರತಂದ ರಿಗ್ರೆಶನ್ ಪಠ್ಯದಲ್ಲಿ ಇದೇ ಉದಾಹರಣೆಯನ್ನು ಎತ್ತಿಕೊಂಡಿದ್ದಾರೆ. ಇಳಿಜಾರಿಗೆ ಅವರು ಕೊಟ್ಟ ಪ್ರಯರ್‌ನ ನಡುಬಿಂದು ಸೊನ್ನೆ, ಹರಹು 0.2. ಮಾತಿನಲ್ಲಿ ಹೇಳುವುದಾದರೆ, ರೂಪಕ್ಕೂ ಮಗುವಿನ ಲಿಂಗಕ್ಕೂ ನಂಟು ಇಲ್ಲದಿರಬಹುದು. ಇದ್ದರೂ ಒಂದು ಅಂಕಕ್ಕೆ 0.4ನ್ನು ದಾಟುವುದು ಅಪರೂಪ. ಕನಜಾವಾ ವಾದಕ್ಕೆ ಅವರು ಬಾಗಿಲು ಮುಚ್ಚಿಲ್ಲ. ಎರಡು ತುದಿಗಳ ನಡುವೆ ನೂರಕ್ಕೆ 1.6ರ ಅಂತರಕ್ಕೆ ಜಾಗ ಬಿಟ್ಟಿದ್ದಾರೆ, ಮತ್ತು ಈ ವಿಷಯದಲ್ಲಿ ಅದು ಉದಾರವೇ ಸರಿ.

ಮುಂದಿನ ಲೆಕ್ಕವನ್ನು ಕಾಗದದ ಮೇಲೇ ಮಾಡಬಹುದು. ಯಾವ ಅಂದಾಜಿನ ತೂಕವಾದರೂ ಅದರ ಅನಿಶ್ಚಿತತೆಯ ವರ್ಗದಿಂದ ಒಂದನ್ನು ಭಾಗಿಸಿದಷ್ಟು. ಸಮೀಕ್ಷೆಯ ಅನಿಶ್ಚಿತತೆ 1.4, ಅದರ ವರ್ಗ ಹತ್ತಿರ ಹತ್ತಿರ 2, ಹಾಗಾಗಿ ತೂಕ ಅರ್ಧ. ಪ್ರಯರ್‌ನ ಹರಹು 0.2, ವರ್ಗ 0.04, ತೂಕ 25. ಅರ್ಧಕ್ಕೆ ಎದುರಾಗಿ ಇಪ್ಪತ್ತೈದು! ತೂಕಕ್ಕೆ ತಕ್ಕಂತೆ 1.5 ಮತ್ತು ಸೊನ್ನೆಯ ಸರಾಸರಿ ತೆಗೆದರೆ ಬರುವುದು 0.03, ಅದರ ಅನಿಶ್ಚಿತತೆ ಬಹುತೇಕ ಹಿಂದಿನಂತೆಯೇ 0.2. ಮೂರು ಸಾವಿರ ಜನರ ಸಮೀಕ್ಷೆ ನಮ್ಮ ತಿಳಿವನ್ನು ಕೂದಲೆಳೆಯಷ್ಟೂ ಸರಿಸಲಿಲ್ಲ. ಈ ಪ್ರಯರ್‌ಗೆ ಸರಿಸಮನಾಗಿ ನಿಲ್ಲಬೇಕಾದರೆ ಸಮೀಕ್ಷೆ ಸುಮಾರು ಐವತ್ತು ಪಟ್ಟು ದೊಡ್ಡದಾಗಬೇಕಿತ್ತು, ಅಂದರೆ ಒಂದೂವರೆ ಲಕ್ಷ ಜನ.

ಪೋಸ್ಟೀರಿಯರ್ ವ್ಯಾಪ್ತಿ ಈಗ ಸುಮಾರು -0.4ರಿಂದ 0.4. ಇದನ್ನು ಓದುವ ರೀತಿ ಸರಳ: ಈ ಪ್ರಯರ್ ಮತ್ತು ನೇರ ಗೆರೆಯ ಈ ಮಾದರಿಯನ್ನು ಒಪ್ಪುವುದಾದರೆ, ನಿಜವಾದ ಇಳಿಜಾರು ಇದರೊಳಗಿರುವ ಸಂಭವ ನೂರಕ್ಕೆ 95. ಮೊದಲು ಬಂದ -1.3ರಿಂದ 4.3ರ ವ್ಯಾಪ್ತಿಯ ಬಗ್ಗೆ ಹೀಗೆ ಹೇಳುವಂತಿಲ್ಲ. ಇಂಥ ಸಮೀಕ್ಷೆಯನ್ನು ಮತ್ತೆ ಮತ್ತೆ ಮಾಡಿ ಪ್ರತಿಸಲವೂ ವ್ಯಾಪ್ತಿ ತೆಗೆದರೆ ನೂರರಲ್ಲಿ 95 ಸಲ ಅದು ನಿಜವಾದ ಇಳಿಜಾರನ್ನು ಒಳಗೊಂಡಿರುತ್ತದೆ ಎಂಬುದಷ್ಟೇ ಅದರ ಭರವಸೆ. ಮಾತು ವಿಧಾನದ ಬಗ್ಗೆಯೇ ಹೊರತು ಕೈಯಲ್ಲಿರುವ ಈ ಒಂದು ಉತ್ತರದ ಬಗ್ಗೆ ಅಲ್ಲ. ಆದರೂ ಹೆಚ್ಚಿನವರು ಎರಡನ್ನೂ ಒಂದೇ ರೀತಿ ಓದುತ್ತಾರೆ. ಹಾಗೆ ಓದಿದ ಕ್ಷಣವೇ, ನೂರಕ್ಕೆ 17ರ ಅಂತರವೂ ಸೊನ್ನೆಯಷ್ಟೇ ಸಹಜ ಎಂಬ ಪ್ರಯರ್ ಅನ್ನು ಅವರು ಗೊತ್ತಿಲ್ಲದೆ ಒಪ್ಪಿಕೊಂಡಂತೆ.

ವ್ಯಾಪ್ತಿಯೊಳಗೆ ಸೊನ್ನೆ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಎದ್ದುಹೋಗುವುದೂ ದಂಡವೇ. ಇಳಿಜಾರು ಸೊನ್ನೆಗಿಂತ ಮೇಲಿರುವ ಸಂಭವ ಎಷ್ಟು ಎಂದು ಕೇಳಬಹುದು. ಪ್ರಯರ್ ಇಲ್ಲದ ಲೆಕ್ಕದಲ್ಲಿ ಅದು ನೂರಕ್ಕೆ 86 ಎಂದು ಬರುತ್ತದೆ, ಪತ್ರಿಕೆಯ ಶೀರ್ಷಿಕೆಗೆ ಅಷ್ಟು ಸಾಕು. ಪ್ರಯರ್ ಸೇರಿದ ಮೇಲೆ ನೂರಕ್ಕೆ 56, ಟಾಸ್ ಹಾಕಿದ ಹಾಗೆ.

ಪ್ರಯರ್ ಕೊಡದಿದ್ದರೆ ಸಾಫ್ಟ್‌ವೇರ್ ತಾನೇ ಒಂದನ್ನು ಹಾಕಿಕೊಳ್ಳುತ್ತದೆ. `rstanarm` ಎಂಬ ಪ್ಯಾಕೇಜ್ ಈ ಐದು ಸಂಖ್ಯೆಗಳಿಗೆ ಹಾಕುವ ಹರಹು ಸುಮಾರು 7. ರೂಪದ ಒಂದೊಂದು ಅಂಕಕ್ಕೂ ಹೆಣ್ಣುಮಕ್ಕಳ ಪ್ರಮಾಣ ನೂರಕ್ಕೆ 7ರಂತೆ ಏರಬಹುದು ಎಂದರೆ ಅದಕ್ಕೆ ಅಚ್ಚರಿಯೇ ಇಲ್ಲ. ದತ್ತಾಂಶ ಹೇರಳವಾಗಿದ್ದಲ್ಲಿ ಇದರಿಂದ ತೊಂದರೆಯಾಗದು. ಇಲ್ಲಿ ಮಾತ್ರ ಅದು ಸಮೀಕ್ಷೆಯ ಗದ್ದಲವನ್ನೇ ಉತ್ತರವೆಂದು ದಾಟಿಸಿಬಿಡುತ್ತದೆ.

ಹಾಗೆಂದು ಬಿಗಿಯಾದ ಪ್ರಯರ್ ಎಲ್ಲ ಕಡೆಗೂ ಸಲ್ಲುವುದಿಲ್ಲ. ಗೆರೆಯ ನಡುಮಟ್ಟಕ್ಕೂ ಆ ಪಠ್ಯದಲ್ಲಿ ಒಂದು ಪ್ರಯರ್ ಇದೆ: 48.8, ಹರಹು 0.5. ಅದನ್ನೇ ಹರಿಯಾಣಕ್ಕೆ ಒಯ್ದರೆ ಎಡವಟ್ಟು. 2011ರ ಜನಗಣತಿಯಲ್ಲಿ ಅಲ್ಲಿ ಆರು ವರ್ಷದವರೆಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 834, ಎಂದರೆ ನೂರಕ್ಕೆ 45.5. ಭ್ರೂಣಲಿಂಗ ಪತ್ತೆಯ ಪಿಡುಗಿರುವ ಕಡೆ ಜೀವವಿಜ್ಞಾನದಿಂದಷ್ಟೇ ಹುಟ್ಟಿದ ಮುನ್ನಂದಾಜು ಚಿಕ್ಕ ಸಮೀಕ್ಷೆಯೊಂದರ ನಿಜವನ್ನೇ ತಿದ್ದಿ ಅಳಿಸಿಬಿಡಬಹುದು. ದತ್ತಾಂಶ ಒಂದೇ ಹೇಳುವ ಉತ್ತರ, ಅದರ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, ಪ್ರಯರ್‌ನಿಂದ ಬಹಳ ದೂರ ನಿಂತಿದ್ದರೆ ಎರಡನ್ನೂ ಬೆರೆಸಿ ಸರಾಸರಿ ತೆಗೆಯುವ ಮುನ್ನ ತಡೆದು ಯೋಚಿಸಬೇಕು, ಎರಡರಲ್ಲೊಂದು ತಪ್ಪಿರಬಹುದು.

ಪ್ರಯರ್ ಸಡಿಲಿಸಿ ನೋಡುವುದು ಮತ್ತೊಂದು ಪರೀಕ್ಷೆ. ಇಳಿಜಾರಿನ ಹರಹನ್ನು 0.2ರಿಂದ 0.5ಕ್ಕೆ ಏರಿಸಿದರೆ ಪೋಸ್ಟೀರಿಯರ್ ನಡುಬಿಂದು 0.17, ವ್ಯಾಪ್ತಿ ಸುಮಾರು -0.8ರಿಂದ 1.1. ಹರಹು 1 ಎಂದಿಟ್ಟರೆ ನಡುಬಿಂದು 0.5, ವ್ಯಾಪ್ತಿ -1.1ರಿಂದ 2.1. ಮೊದಲು ಸಿಕ್ಕ 1.5ರ ಹತ್ತಿರಕ್ಕೂ ಯಾವ ನಡುಬಿಂದುವೂ ಬರುವುದಿಲ್ಲ.

ಗೆಲ್ಮನ್ ಮತ್ತು ಸಮಾಜಶಾಸ್ತ್ರಜ್ಞ ಡೇವಿಡ್ ವೀಕ್ಲಿಮ್ ಲೆಕ್ಕಕ್ಕಷ್ಟೇ ನಿಲ್ಲದೆ ಹೊಸ ದತ್ತಾಂಶವನ್ನೂ ಹುಡುಕಿದರು. ‘ಪೀಪಲ್’ ಪತ್ರಿಕೆ ಆಗ ವರ್ಷವರ್ಷವೂ ಪ್ರಕಟಿಸುತ್ತಿದ್ದ ಐವತ್ತು ಅತಿ ಚೆಲುವರ ಪಟ್ಟಿಗಳಲ್ಲಿ 1995ರಿಂದ 2000ದವರೆಗಿನವನ್ನು ತೆಗೆದು, ಅದರಲ್ಲಿದ್ದವರ ಮಕ್ಕಳನ್ನು ಎಣಿಸಿ, 2009ರಲ್ಲಿ ‘ಅಮೆರಿಕನ್ ಸೈಂಟಿಸ್ಟ್’ನಲ್ಲಿ ಬರೆದರು. ಒಟ್ಟು 329 ಮಕ್ಕಳು. ಅವರಲ್ಲಿ ಹೆಣ್ಣು 157, ಅಂದರೆ ನೂರಕ್ಕೆ 47.7, ಉಳಿದ ಅಮೆರಿಕನ್ನರಿಗಿಂತ ಒಂದು ಕೂದಲೆಳೆ ಕಡಿಮೆ. ಇದರ ಅನಿಶ್ಚಿತತೆಯೂ ನೂರಕ್ಕೆ 2.8ರಷ್ಟಿರುವುದರಿಂದ, ಚೆಲುವರಿಗೆ ಗಂಡುಮಕ್ಕಳು ಹೆಚ್ಚು ಎಂದು ಯಾರೂ ಪ್ರಬಂಧ ಬರೆಯಲಿಲ್ಲ.