ಮನೆ ಬಾಗಿಲಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಖಾತೆ ಖಾಲಿಯಾಗುತ್ತದೆಯೇ?

“ಡೆಲಿವರಿ ಬಾಯ್ ತೋರಿಸುವ ಕೋಡನ್ನು ಸ್ಕ್ಯಾನ್ ಮಾಡಬೇಡಿ, ಮಾಡಿದ ತಕ್ಷಣ ನಿಮ್ಮ ಖಾತೆಯಲ್ಲಿರುವ ಹಣವೆಲ್ಲ ಮಾಯ. ಎಲ್ಲರಿಗೂ ತಿಳಿಸಿ.” ಈ ಅರ್ಥದ ಸಂದೇಶ ನಿಮ್ಮ ಮನೆಯ ವಾಟ್ಸ್‌ಆಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಒಂದಿಷ್ಟು ಎಚ್ಚರಿಕೆಯ ಮಾತಿದೆ, ಆದರೆ ಕಾರಣ ತಪ್ಪಾಗಿದೆ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ತಿಳಿಯಬೇಕಾದರೆ ಮೊದಲು ಹಣ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನೋಡಬೇಕು.

ಮೊದಲೇ ಕೊಡುವುದು, ಬಂದ ಮೇಲೆ ಕೊಡುವುದು

ಆರ್ಡರ್ ಮಾಡುವಾಗಲೇ ಯುಪಿಐ ಅಥವಾ ಕಾರ್ಡಿನಿಂದ ಹಣ ಕೊಟ್ಟರೆ ಅದು ಪ್ರೀಪೇಯ್ಡ್. ಆಗ ಬಾಗಿಲಿಗೆ ಬಂದವರಿಗೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಕೆಲವೊಮ್ಮೆ ಅವರು ಒಟಿಪಿ ಕೇಳಬಹುದು. ಅದು ಪೊಟ್ಟಣ ನಿಮ್ಮ ಕೈ ಸೇರಿತು ಎಂಬುದಕ್ಕೆ ಗುರುತು. ಬಂದ ಎಸ್ಸೆಮ್ಮೆಸ್ಸಿನಲ್ಲಿ ಆ ಒಟಿಪಿ ಡೆಲಿವರಿಗೆ ಎಂದೇ ಬರೆದಿರುತ್ತದೆ, ಓದಿ ನೋಡಿ ಹೇಳಿ.

ಕ್ಯಾಶ್ ಆನ್ ಡೆಲಿವರಿ, ಅಂದರೆ ಸಿಒಡಿಯಲ್ಲಿ, ಪೊಟ್ಟಣ ಬಾಗಿಲಿಗೆ ಬರುವವರೆಗೂ ಹಣ ನಿಮ್ಮ ಬಳಿಯೇ ಇರುತ್ತದೆ. ಬೇಡವೆಂದು ವಾಪಸ್ ಕಳಿಸಿದರೆ ನೀವು ಯಾರಿಂದಲೂ ಹಣ ವಾಪಸ್ ಕೇಳಬೇಕಾಗಿಲ್ಲ. ಹೋಗುವ, ಬರುವ ಸಾಗಣೆಯ ಖರ್ಚು ಮಾರುವವರ ಮೇಲೆ ಬೀಳುತ್ತದೆ. ಎಷ್ಟೋ ಕಂಪನಿಗಳು ಸಿಒಡಿಗೆ ಹೆಚ್ಚುವರಿ ಶುಲ್ಕ ಹಾಕುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ನಗದು. ಡೆಲಿವರಿಯವರು ಮನೆಮನೆಯಿಂದ ತಂದ ನೋಟುಗಳನ್ನು ಎಣಿಸಿ ಕಚೇರಿಗೆ ಕಟ್ಟಬೇಕು, ಅಲ್ಲಿಂದ ಅದು ಮಾರಿದವರಿಗೆ ತಲುಪಬೇಕು. ಈ ತಲೆನೋವು ತಪ್ಪಿಸಲೆಂದೇ ಈಗ “ನಗದು ಬೇಡ, ಸ್ಕ್ಯಾನ್ ಮಾಡಿ” ಎನ್ನುತ್ತಾರೆ.

ಕೋಡಿನೊಳಗೆ ಏನಿರುತ್ತದೆ?

ಹಾವೇರಿಯ ಒಂದು ಮನೆಗೆ 749 ರೂಪಾಯಿಯ ಮಿಕ್ಸಿ ಜಾರ್ ಸಿಒಡಿಯಲ್ಲಿ ಬಂದಿದೆ ಎಂದುಕೊಳ್ಳಿ. ಡೆಲಿವರಿಯವರು ತಮ್ಮ ಕಂಪನಿಯ ಆಪ್‌ನಲ್ಲಿ ಆ ಆರ್ಡರ್ ತೆರೆದು, ಯುಪಿಐ ಆಯ್ಕೆ ಒತ್ತುತ್ತಾರೆ. ಆಗ ಪರದೆಯ ಮೇಲೆ ಈ ಆರ್ಡರಿಗೆಂದೇ ಹೊಸದಾಗಿ ಒಂದು ಕೋಡ್ ಮೂಡುತ್ತದೆ. ಅದರೊಳಗೆ ಇರುವುದು ಹೆಚ್ಚುಕಡಿಮೆ ಇಂಥ ಒಂದು ಸಾಲು:

```
upi://pay?pa=company@bank&pn=Company&am=749.00&cu=INR&tr=ORD4821
```

`pa` ಎಂದರೆ ಹಣ ಪಡೆಯುವವರ ಯುಪಿಐ ವಿಳಾಸ, `pn` ಅವರ ಹೆಸರು, `am` ಮೊತ್ತ, `tr` ಈ ಪಾವತಿಯ ಗುರುತಿನ ಸಂಖ್ಯೆ. ಇದು ವಿಳಾಸ ಬರೆದ ಲಕೋಟೆ ಇದ್ದಂತೆ. ಸ್ಕ್ಯಾನ್ ಮಾಡಿದಾಗ ನಿಮ್ಮ ಫೋನ್ ಆ ವಿಳಾಸವನ್ನು ಓದುತ್ತದೆ, ಅಷ್ಟೇ. ಯುಪಿಐ ಆಪ್‌ನಲ್ಲಿ ನೀವು ಒಪ್ಪಿ ಪಾವತಿಯನ್ನು ದೃಢೀಕರಿಸುವವರೆಗೆ ನಿಮ್ಮ ಬ್ಯಾಂಕ್ ಖಾತೆಯಿಂದ ಹಣ ಹೋಗುವುದಿಲ್ಲ. ಯುಪಿಐ ಲೈಟ್ ಇದ್ದರೆ ಸಣ್ಣ ಮೊತ್ತಕ್ಕೆ ಪಿನ್ ಕೇಳದೇ ಇರಬಹುದು, ಆದರೆ ಅಲ್ಲೂ ‘ಪೇ’ ಒತ್ತುವವರು ನೀವೇ. ಆದ್ದರಿಂದ “ಸ್ಕ್ಯಾನ್ ಮಾಡಿದ ತಕ್ಷಣ ಹಣ ಮಾಯ” ಎಂಬುದು ನಿಜವಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಕ್ಯೂಆರ್ ಕೋಡಿನಲ್ಲಿ ವೆಬ್‌ಸೈಟಿನ ಕೊಂಡಿಯೂ ಇರಬಹುದು. ಹಾಗಾಗಿ ಕ್ಯಾಮೆರಾದಿಂದ ಅಲ್ಲ, ಯುಪಿಐ ಆಪ್‌ನಿಂದಲೇ ಸ್ಕ್ಯಾನ್ ಮಾಡಿ.

ಹಾವೇರಿಯ ಮನೆಯವರು ಪಿನ್ ಹಾಕಿದ ಮೇಲೆ ಹಣ ಕಂಪನಿಗೆ ಹೋಗುತ್ತದೆ. ಅಲ್ಲಿಂದ ಡೆಲಿವರಿಯವರ ಆಪ್‌ಗೆ ಸುದ್ದಿ ಬಂದು, ಪರದೆ ತಾನಾಗಿಯೇ ‘ಪಾವತಿಯಾಗಿದೆ’ ಎಂದು ಬದಲಾಗುತ್ತದೆ. ಡೆಲಿವರಿಯವರ ಕೈಗೆ ಹಣ ಬರುವುದೇ ಇಲ್ಲ.

ಅವರ ಸ್ವಂತ ಕೋಡ್ ತೋರಿಸಿದರೆ?

ನಿಜವಾಗಿ ಎಡವುವುದು ಇಲ್ಲಿ. “ಆಪ್ ಓಪನ್ ಆಗ್ತಿಲ್ಲ ಮೇಡಂ, ನನ್ನ ನಂಬರಿಗೆ ಹಾಕಿಬಿಡಿ, ನಾನು ಕಟ್ಟುತ್ತೇನೆ” ಎಂದು ಕೆಲವರು ಕೇಳುತ್ತಾರೆ. ಅವರು ಪ್ರಾಮಾಣಿಕರೇ ಇರಬಹುದು. ಅಷ್ಟು ನಗದನ್ನು ತಾವೇ ಕಟ್ಟಿ ಲೆಕ್ಕ ಮುಗಿಸಬಹುದು. ಆದರೆ ನಿಮ್ಮ ಹಣ ಹೋದದ್ದು ಒಬ್ಬ ವ್ಯಕ್ತಿಗೆ. ಆ ಪಾವತಿಗೂ ನಿಮ್ಮ ಆರ್ಡರಿಗೂ ನಂಟು ತೋರಿಸುವ ಗುರುತು ಎಲ್ಲಿಯೂ ಇಲ್ಲ. ನಾಳೆ ತಕರಾರು ಬಂದರೆ ಕಂಪನಿ “ನಮಗೆ ಹಣ ಬಂದಿಲ್ಲ” ಎನ್ನಬಹುದು.

ಗುರುತಿಸುವುದು ಸುಲಭ. ಪಿನ್ ಹಾಕುವ ಮೊದಲು ಪರದೆಯಲ್ಲಿ ಹಣ ಪಡೆಯುವವರ ಹೆಸರು ಬರುತ್ತದೆ. ಅದು ಯಾವುದಾದರೂ ಸಂಸ್ಥೆಯ ಹೆಸರಾಗಿರಬೇಕು. ನೀವು ಖರೀದಿಸಿದ ಆಪ್‌ನ ಹೆಸರೇ ಇರಬೇಕೆಂದಿಲ್ಲ, ಕೊರಿಯರ್ ಕಂಪನಿಯ ಹೆಸರೂ ಇರಬಹುದು. ಮೊತ್ತವೂ ಮೊದಲೇ ತುಂಬಿರುತ್ತದೆ. ವ್ಯಕ್ತಿಯ ಹೆಸರು ಬಂದು, ಮೊತ್ತ ನೀವೇ ಟೈಪ್ ಮಾಡಬೇಕಾಗಿ ಬಂದರೆ ಅದು ಸ್ವಂತ ಕೋಡ್. ಆಗ ನಗದು ಕೊಡುವುದೇ ಮೇಲು. ಸಿಒಡಿಯಲ್ಲಿ ನಗದು ಕೊಡುವ ಹಕ್ಕು ನಿಮಗಿದ್ದೇ ಇದೆ.

ಹಣ ಕಡಿತವಾಯಿತು, ಅವರ ಪರದೆ ಬದಲಾಗಲಿಲ್ಲ

ನೆಟ್‌ವರ್ಕ್ ಸರಿಯಿಲ್ಲದ ಊರುಗಳಲ್ಲಿ ಇದು ಆಗುತ್ತದೆ. ಗಾಬರಿಯಲ್ಲಿ ಎರಡನೇ ಸಲ ಹಾಕಬೇಡಿ. ನಿಮ್ಮ ಯುಪಿಐ ಆಪ್‌ನಲ್ಲಿ ಆ ಪಾವತಿಯನ್ನು ತೆರೆದು ನೋಡಿ. ‘ಸಕ್ಸಸ್’ ಎಂದಿದ್ದರೆ ಅಲ್ಲಿರುವ 12 ಅಂಕಿಯ ಸಂಖ್ಯೆಯನ್ನು ತೋರಿಸಿ, ಅವರ ಆಪ್ ರಿಫ್ರೆಶ್ ಮಾಡಲು ಹೇಳಿ. ‘ಪೆಂಡಿಂಗ್’ ಎಂದಿದ್ದರೆ ಸ್ವಲ್ಪ ಹೊತ್ತು ಕಾಯಿರಿ, ಇಲ್ಲವೇ ನಾಳೆ ತರಲು ಹೇಳಿ. ಖಾತೆಯಿಂದ ಹೋದ ಹಣ ಅಂಗಡಿಯವರಿಗೆ ತಲುಪಿದ್ದು ಖಚಿತವಾಗದಿದ್ದರೆ 5 ದಿನಗಳೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ.

ವಾಪಸ್ ಹಣಕ್ಕೆ ಸ್ಕ್ಯಾನ್ ಬೇಡ

ಪ್ರೀಪೇಯ್ಡ್ ಆರ್ಡರ್ ಹಿಂದಿರುಗಿಸಿದರೆ ಹಣ ಸಾಮಾನ್ಯವಾಗಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ನಗದು ಕೊಟ್ಟವರಿಗೆ ಆ ದಾರಿಯಿಲ್ಲ. ಅವರು ಕಂಪನಿಯ ಆಪ್‌ನಲ್ಲಿ ಬ್ಯಾಂಕ್ ಖಾತೆ ಅಥವಾ ಯುಪಿಐ ವಿಳಾಸ ಕೊಡಬೇಕಾಗುತ್ತದೆ. ಮೋಸಗಾರರು ನುಸುಳುವುದು ಇದೇ ಸಂದಿಯಲ್ಲಿ. “ಮಿಕ್ಸಿ ಜಾರಿನ 749 ರೂಪಾಯಿ ರಿಫಂಡ್ ಬಂದಿದೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮ್ಮ ಖಾತೆಗೆ ಬೀಳುತ್ತದೆ” ಎಂದು ಫೋನ್ ಬರುತ್ತದೆ. ಪಿನ್ ಹಾಕಿದರೆ ಹಣ ಬರುವುದಿಲ್ಲ, ಹೋಗುತ್ತದೆ. ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಕಿಲ್ಲ, ಪಿನ್ ಹಾಕುವುದೂ ಬೇಕಿಲ್ಲ.

ಹೀಗೆ ಮೋಸಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಬೇಗ ತಿಳಿಸಿದಾಗ ಮಾತ್ರ.

ಆ ಹಳೆಯ ಸಂದೇಶವನ್ನು ಮತ್ತೆ ಫಾರ್ವರ್ಡ್ ಮಾಡುವ ಬದಲು ಇಷ್ಟನ್ನು ಕಳಿಸಿ: ಸ್ಕ್ಯಾನ್ ಮಾಡಿದ ಮೇಲೆ ಹೆಸರು ಓದಿ, ಮೊತ್ತ ಓದಿ, ಆಮೇಲೆ ಪಿನ್ ಹಾಕಿ. ಹಣ ಬರಬೇಕಿದ್ದರೆ ಪಿನ್ ಹಾಕಲೇಬೇಡಿ.