ಕರೆಂಟು ಹೋದಾಗ ಚಾವಣಿಯೂ ನಿಲ್ಲಬೇಕು

ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ, ವೈರಿಂಗ್ ಮುಗಿಸಿ, ಇನ್ವರ್ಟರನ್ನು ಗೋಡೆಗೆ ಬಿಗಿಯುವುದು ಕೆಲವೇ ದಿನಗಳ ಕೆಲಸ. ಆದರೆ ಅದು ಮುಗಿದ ಕೂಡಲೇ ಮನೆಯವರು ಸ್ವಿಚ್ ಹಾಕುವಂತಿಲ್ಲ. ಎಸ್ಕಾಂನವರು ಬಂದು ನೋಡಬೇಕು, ಮೀಟರ್ ಬದಲಾಗಬೇಕು, ವರದಿಗೆ ಸಹಿ ಬೀಳಬೇಕು. ಅಲ್ಲಿಯವರೆಗೆ ಎಷ್ಟೇ ಬಿಸಿಲಿದ್ದರೂ ಪ್ಯಾನೆಲ್‌ಗಳು ಸುಮ್ಮನೆ ಕೂತಿರುತ್ತವೆ. ಇದೆಲ್ಲ ಕಚೇರಿಯ ಕಾಟ ಎಂದು ಗೊಣಗುವವರೇ ಹೆಚ್ಚು. ಆದರೆ ಈ ತಪಾಸಣೆಯ ಬಹುಪಾಲು ಒಂದು ಪ್ರಶ್ನೆಯ ಸುತ್ತಲೇ ನಡೆಯುತ್ತದೆ: ಬೀದಿಯಲ್ಲಿ ಕರೆಂಟು ಹೋದರೆ ಈ ಚಾವಣಿ ತಾನಾಗಿ ನಿಲ್ಲುತ್ತದೆಯೇ?

ನಿಲ್ಲದಿದ್ದರೆ ಏನಾಗುತ್ತದೆ ನೋಡಿ. ಬೀದಿ ಕೊನೆಯ ಟಿ.ಸಿ. 11 ಸಾವಿರ ವೋಲ್ಟನ್ನು ಮನೆಗಳಿಗೆ ಬೇಕಾದ 230 ವೋಲ್ಟಿಗೆ ಇಳಿಸುತ್ತದೆ. ಆ ಯಂತ್ರಕ್ಕೆ ದಿಕ್ಕಿನ ಹಂಗಿಲ್ಲ. ಮನೆಯ ಕಡೆಯಿಂದ 230 ವೋಲ್ಟ್ ಹರಿಸಿದರೆ ಅದನ್ನೇ ಏರಿಸಿ ಮೇಲಿನ ತಂತಿಗೆ ಕೊಡಬಲ್ಲದು. ಎಲ್.ಸಿ. ಪಡೆದು, ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನನಿಗೆ ಯಾರದೋ ಮನೆಯ ಮಾಳಿಗೆಯಿಂದ ಬಂದ ಕರೆಂಟು ಅಪಾಯ ತರಬಹುದು. ಊರಿನ ಜಾಲ ಆರಿದ ಮೇಲೂ ಅದರ ಒಂದು ತುಂಡು ಹೀಗೆ ಜೀವಂತವಾಗಿ ಉಳಿಯುವುದಕ್ಕೆ ಎಂಜಿನಿಯರ್‌ಗಳು ‘ಐಲ್ಯಾಂಡಿಂಗ್’ ಎನ್ನುತ್ತಾರೆ. ಹಾಗೆ ಆದರೆ ಎರಡು ಸೆಕೆಂಡಿನೊಳಗೆ ಘಟಕ ಕರೆಂಟು ಕೊಡುವುದನ್ನು ನಿಲ್ಲಿಸಬೇಕು ಎನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಾವಳಿ.

ಮೊದಲ ಹೆಜ್ಜೆಯಾದ ಅರ್ಜಿ ಈಗ ಹಗುರಾಗಿದೆ. 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ಕೇಂದ್ರದ ನಿಯಮದಂತೆ, 10 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಅರ್ಜಿ ಒಪ್ಪಿಗೆಯಾದಂತೆಯೇ ಲೆಕ್ಕ. ಅದಕ್ಕಿಂತ ದೊಡ್ಡ ಘಟಕವಾದರೆ, ಟಿ.ಸಿ.ಗೆ ಎಷ್ಟು ತಡೆಯುವ ಶಕ್ತಿಯಿದೆ, ಅದರಡಿ ಈಗಾಗಲೇ ಎಷ್ಟು ಸೋಲಾರ್ ಇದೆ ಎಂಬುದನ್ನು ಎಸ್ಕಾಂ 15 ದಿನದೊಳಗೆ ನೋಡಿ ಹೇಳಬೇಕು. ಅರ್ಜಿ ಸುಲಭವಾಯಿತೆಂದು ಕೊನೆಯ ತಪಾಸಣೆ ಸಡಿಲವಾಗಿಲ್ಲ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಮನೆಯ ಉದಾಹರಣೆಯಲ್ಲಿ ನೋಡೋಣ.

ಮೈಸೂರಿನಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಮೇಲೆ 540 ವ್ಯಾಟಿನ ಆರು ಪ್ಯಾನೆಲ್, ಒಟ್ಟು 3.24 ಕಿಲೋವ್ಯಾಟ್. ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಜೋಡಿಸಲಾಗಿದೆ. ಒಂದೊಂದು ಪ್ಯಾನೆಲ್‌ ಸುಮಾರು 49 ವೋಲ್ಟಿನದಾದರೆ ಇಡೀ ಸಾಲಿಗೆ 294 ವೋಲ್ಟ್ ಬರಬೇಕು. ಬಿಸಿಲಿಗೆ ಕಾದ ಪ್ಯಾನೆಲ್‌ನ ವೋಲ್ಟೇಜ್ ಇಳಿಯುವುದರಿಂದ ಮಧ್ಯಾಹ್ನ 275ರ ಆಸುಪಾಸು ತೋರಿದರೆ ಚಿಂತೆಯಿಲ್ಲ. 230 ಮಾತ್ರ ತೋರಿದರೆ ಒಂದು ಪ್ಯಾನೆಲ್‌ನ ಪಾಲು ಎಲ್ಲೋ ಸೋರಿಹೋಗಿದೆ ಎಂದರ್ಥ. ಮೀಟರಿನಲ್ಲಿ ಮೈನಸ್ ಚಿಹ್ನೆ ಬಂದರೆ ತಂತಿಗಳು ಅದಲುಬದಲಾಗಿವೆ. ಇನ್ವರ್ಟರಿಗೆ ಕೂಡಿಸುವ ಮೊದಲೇ ಇದು ಗೊತ್ತಾಗಬೇಕು.

ಆಮೇಲೆ ಮೆಗ್ಗರ್ ಹಿಡಿದು ತಂತಿಗಳ ಹೊದಿಕೆಯನ್ನು ಪರೀಕ್ಷಿಸುತ್ತಾರೆ. ತಂತಿಗೂ ಭೂಮಿಗೂ ನಡುವಿನ ತಡೆ ಕನಿಷ್ಠ ಒಂದು ಮೆಗಾಓಮ್ ಇರಬೇಕು. ಕಬ್ಬಿಣದ ಚೌಕಟ್ಟಿನ ಅಂಚಿಗೆ ಉಜ್ಜಿ ಹೊದಿಕೆ ಹರಿದಿದ್ದರೆ ಕಣ್ಣಿಗೆ ಕಾಣದಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ. ಅರ್ತಿಂಗ್ ಗುಂಡಿಗಳ ಸರದಿ ಮುಂದಿನದು. ಪ್ಯಾನೆಲ್ ಕಡೆಗೊಂದು, ಮನೆಯ ಕರೆಂಟಿನ ಕಡೆಗೊಂದು, ಸಿಡಿಲು ತಡೆಗೊಂದು ಹೀಗೆ ಬೇರೆಬೇರೆ ಅರ್ತಿಂಗ್ ಇರಬೇಕು. ಪ್ರತಿಯೊಂದರ ತಡೆ 5 ಓಮಿಗಿಂತ ಕಡಿಮೆ ಇರಬೇಕು. ಲೈನ್‌ಮನ್‌ಗೆ ಕೈಗೆಟಕುವ ಜಾಗದಲ್ಲಿ, ಬೀಗ ಹಾಕಲು ಬರುವಂಥ ಐಸೊಲೇಟರ್ ಸ್ವಿಚ್ ಇದೆಯೇ ಎಂದೂ ನೋಡುತ್ತಾರೆ. ದೊಡ್ಡ ಘಟಕಗಳಲ್ಲಿ ಇವೆಲ್ಲದರ ಜತೆಗೆ ವಿದ್ಯುತ್ ಪರಿವೀಕ್ಷಣಾಲಯದಿಂದ ನಕ್ಷೆಗೆ ಒಪ್ಪಿಗೆ, ಸ್ಥಳ ಪರಿಶೀಲನೆ ಎರಡೂ ಆಗಬೇಕಾಗುತ್ತದೆ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಘಟಕವನ್ನು ಚಾಲೂ ಮಾಡಿ, ಅದು ಕರೆಂಟು ಕೊಡತೊಡಗಿದ ಮೇಲೆ ಎಂಜಿನಿಯರ್ ಮನೆಯ ಮೇನ್ ಸ್ವಿಚ್ ಇಳಿಸುತ್ತಾರೆ. ಆಕಾಶದಲ್ಲಿ ಸೂರ್ಯ ಹಾಗೇ ಇದ್ದಾನೆ, ಇನ್ವರ್ಟರ್ ಮಾತ್ರ ಕೂಡಲೇ ನಿಲ್ಲಬೇಕು. ಅದರಿಂದ ಹೊರಡುವ ತಂತಿಯಲ್ಲಿ ವೋಲ್ಟೇಜ್ ಇಲ್ಲವೆಂದು ಅಳೆದು ಖಚಿತಪಡಿಸಿಕೊಳ್ಳುತ್ತಾರೆ. ಮತ್ತೆ ಸ್ವಿಚ್ ಏರಿಸಿದರೆ ಅದು ತಕ್ಷಣ ಓಡಬಾರದು. ಜಾಲದ ವೋಲ್ಟೇಜ್, ಫ್ರೀಕ್ವೆನ್ಸಿ ಎರಡೂ ನೆಟ್ಟಗೆ ನಿಂತು ಕನಿಷ್ಠ 60 ಸೆಕೆಂಡು ಕಳೆಯಬೇಕು. ಆಮೇಲೆ ಇನ್ವರ್ಟರ್ ತನ್ನ ಅಲೆಯನ್ನು ಜಾಲದ ಅಲೆಯ ಏರಿಳಿತಕ್ಕೆ ಹೊಂದಿಸಿಕೊಂಡು ಕೂಡಿಕೊಳ್ಳುತ್ತದೆ. ಸಿಂಕ್ರೊನೈಸೇಷನ್ ಎಂದರೆ ಇದೇ.

ಆದರೆ ಈ ಪರೀಕ್ಷೆಗೂ ಮಿತಿಯಿದೆ. ಮನೆಯಲ್ಲಿ ಬಳಕೆ ಕಡಿಮೆಯಿದ್ದು ಬಿಸಿಲು ಜೋರಾಗಿದ್ದರೆ ಸಂಬಂಧ ಕಡಿದ ಕ್ಷಣವೇ ವೋಲ್ಟೇಜ್ ದಿಕ್ಕೆಡುತ್ತದೆ. ಅದನ್ನು ಗುರುತಿಸುವುದು ಇನ್ವರ್ಟರಿಗೆ ಸುಲಭ. ಉತ್ಪಾದನೆ ಮತ್ತು ಬಳಕೆ ಸರಿಸಮವಾದ ಹೊತ್ತಿನಲ್ಲಿ ಕಡಿದರೆ ಏರುಪೇರೇ ಕಾಣದೆ ಅದು ಮೋಸಹೋಗಬಹುದು. ಅದಕ್ಕೇ ಒಳ್ಳೆಯ ಇನ್ವರ್ಟರ್ ಕೆಲಸ ಮಾಡುತ್ತಿರುವಾಗಲೇ ಫ್ರೀಕ್ವೆನ್ಸಿಯನ್ನು ಒಂದಿಷ್ಟು ಅತ್ತಿತ್ತ ತಳ್ಳಿ ನೋಡುತ್ತಿರುತ್ತದೆ. ದೊಡ್ಡ ಜಾಲ ಜತೆಗಿದ್ದರೆ ಅದು ಕದಲುವುದಿಲ್ಲ. ಇಲ್ಲದಿದ್ದರೆ ಜಾರಿಹೋಗುತ್ತದೆ, ಇನ್ವರ್ಟರ್ ನಿಲ್ಲುತ್ತದೆ. ಇಂಥ ಸರಿಸಮದ ಸಂದರ್ಭವನ್ನು ಮನೆಯಲ್ಲಿ ಸೃಷ್ಟಿಸುವುದು ಕಷ್ಟ, ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯ. ಆ ಪರೀಕ್ಷೆಯ ಮಾನದಂಡ ಐಇಸಿ 62116. ಇನ್ವರ್ಟರಿನ ಆ ಪ್ರಮಾಣಪತ್ರವನ್ನು ಕೇಳಿ ಪಡೆಯುವುದು ಕಡತ ತುಂಬಿಸಲು ಅಲ್ಲ.

ಡೀಸೆಲ್ ಜನರೇಟರ್ ಇರುವ ಮನೆಗಳಲ್ಲಿ ಇನ್ನೊಂದು ಎಡವಟ್ಟು ಸಾಧ್ಯ. ಜನರೇಟರ್ ಓಡುತ್ತಿರುವಾಗ ಅದನ್ನೇ ಊರಿನ ಜಾಲವೆಂದು ನಂಬಿ ಇನ್ವರ್ಟರ್ ಕೂಡಿಕೊಳ್ಳಲು ಹೋಗಬಹುದು. ಎರಡೂ ಒಟ್ಟಿಗೆ ಸೇರದಂತೆ ಚೇಂಜ್‌ಓವರ್ ವ್ಯವಸ್ಥೆ ಇದೆಯೇ ಎಂದು ತಪಾಸಣೆಯ ದಿನವೇ ನೋಡಿಕೊಳ್ಳಬೇಕು.

ಇನ್ನು ಮೀಟರ್. ಹೋಗುವ ಯೂನಿಟ್, ಬರುವ ಯೂನಿಟ್ ಎರಡನ್ನೂ ಬೇರೆಬೇರೆ ದಾಖಲಿಸುವ ಮೀಟರ್ ಎಸ್ಕಾಂನ ಪರೀಕ್ಷೆಯಲ್ಲಿ ಪಾಸಾಗಿ, ಸೀಲ್ ಬಿದ್ದು ಬರಬೇಕು. ಅದು ಬರುವ ಮುಂಚೆಯೇ ‘ನೋಡೋಣ’ ಎಂದು ಘಟಕ ಚಾಲೂ ಮಾಡಿದವರಿಗೆ ಕೆಲವೊಮ್ಮೆ ಬಿಲ್ಲು ಇಳಿಯುವ ಬದಲು ಏರುತ್ತದೆ. ಕಳ್ಳತನ ತಡೆಯಲೆಂದು ಹಲವು ಹಳೆಯ ಎಲೆಕ್ಟ್ರಾನಿಕ್ ಮೀಟರ್‌ಗಳನ್ನು ಕರೆಂಟು ಯಾವ ಕಡೆ ಹರಿದರೂ ಬಳಕೆಯೆಂದೇ ಎಣಿಸುವಂತೆ ಮಾಡಿರುತ್ತಾರೆ. ನೀವು ಕೊಟ್ಟ ಯೂನಿಟ್ಟಿಗೆ ನೀವೇ ಹಣ ಕಟ್ಟಿದಂತಾಗುತ್ತದೆ.

ಎಲ್ಲ ಪಾಸಾದ ಮೇಲೂ ಒಂದು ತೊಡಕು ತಲೆಯೆತ್ತಬಹುದು. ಟಿ.ಸಿ.ಯಿಂದ ದೂರದಲ್ಲಿ, ತೆಳು ತಂತಿಯ ತುದಿಯಲ್ಲಿರುವ ಮನೆಯಿಂದ ಕರೆಂಟು ವಾಪಸು ಹರಿದಾಗ ಅಲ್ಲಿನ ವೋಲ್ಟೇಜ್ ಏರುತ್ತದೆ. ನಿಯಮದ ಮೇಲಿನ ಮಿತಿ ಶೇ. 110, ಅಂದರೆ 253 ವೋಲ್ಟ್. ಅದನ್ನು ದಾಟಿದರೆ ಇನ್ವರ್ಟರ್ ಬಿಟ್ಟುಕೊಳ್ಳುತ್ತದೆ. ಸರಿಯಾಗಿ ಮಧ್ಯಾಹ್ನದ ಬಿಸಿಲಿನಲ್ಲೇ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಪ್ಯಾನೆಲ್ ಕೆಟ್ಟಿದೆ ಎಂದುಕೊಳ್ಳುವ ಮೊದಲು ಇನ್ವರ್ಟರಿನ ಪರದೆಯಲ್ಲಿ ವೋಲ್ಟೇಜ್ ನೋಡಿ. ಮಿತಿ ಮೀರಿದ್ದರೆ ಸರಿಮಾಡಬೇಕಾದ್ದು ಬೀದಿಯ ಲೈನು.

ಸಹಿಯಾದ ವರದಿಯ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ಸೂರ್ಯಘರ್ ಯೋಜನೆಯ ಸಬ್ಸಿಡಿಗೂ ಘಟಕ ಚಾಲನೆಯಾದ ದಾಖಲೆ ಬೇಕು. ಅದರಲ್ಲಿ ಮೀಟರ್‌ಗಳ ಆರಂಭದ ಅಂಕಿ ಬರೆದಿರಬೇಕು. ಮೊದಲ ತಿಂಗಳು ಚಾವಣಿ 360 ಯೂನಿಟ್ ಉತ್ಪಾದಿಸಿ, ಅದರಲ್ಲಿ 230 ಹೊರಗೆ ಹೋಗಿದ್ದರೆ ಮನೆ ನೇರವಾಗಿ ಬಳಸಿದ್ದು 130. ಜಾಲದಿಂದ 110 ಪಡೆದಿದ್ದರೆ ಒಟ್ಟು ಬಳಕೆ 240, ಎಸ್ಕಾಂಗೆ ಸಂದ ಹೆಚ್ಚುವರಿ 120. ಬಿಲ್ಲು ಈ ಲೆಕ್ಕಕ್ಕೆ ತಾಳೆಯಾಗದಿದ್ದರೆ, ಆರಂಭದ ಅಂಕಿಯಿರುವ ಆ ಹಾಳೆಯನ್ನು ಹಿಡಿದು ಸಬ್‌ಡಿವಿಷನ್ ಕಚೇರಿಗೆ ಹೋಗಿ.