ಬುಧವಾರ ಮಾರಿದ ಡಾಲರಿಗೆ ಸೋಮವಾರ ರೂಪಾಯಿ

ಪೀಣ್ಯದ ರಫ್ತುದಾರರೊಬ್ಬರು 2025ರ ಜುಲೈ 2, ಬುಧವಾರದಂದು ಬ್ಯಾಂಕಿಗೆ ಒಂದು ಲಕ್ಷ ಡಾಲರ್ ಮಾರಿದರು ಎಂದುಕೊಳ್ಳಿ. ಕುದುರಿದ್ದು ಸ್ಪಾಟ್ ದರ, ಡಾಲರಿಗೆ 85.50 ರೂಪಾಯಿ. ಹೆಸರು ‘ಸ್ಪಾಟ್’ ಆದರೂ ಹಣ ಆ ಸ್ಥಳದಲ್ಲೇ ಕೈಬದಲಾಗುವುದಿಲ್ಲ. ದರ ಇಂದೇ ಗಟ್ಟಿಯಾಗುತ್ತದೆ, ಹಣ ಕೊಟ್ಟು ಪಡೆಯುವುದು ಎರಡು ಕೆಲಸದ ದಿನ ಕಳೆದ ಮೇಲೆ. ಆ ದಿನಕ್ಕೆ ಬ್ಯಾಂಕಿನವರು ‘ವ್ಯಾಲ್ಯೂ ಡೇಟ್’ ಎನ್ನುತ್ತಾರೆ.

ಬುಧವಾರದಿಂದ ಎಣಿಸಿದರೆ ಎರಡನೇ ದಿನ ಶುಕ್ರವಾರ. ಆದರೆ ಅಂದು ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಮುಂಬೈ ತೆರೆದಿದ್ದರೂ ನ್ಯೂಯಾರ್ಕಿನಲ್ಲಿ ಡಾಲರ್ ಖಾತೆಗಳು ಅಲುಗಾಡುವುದಿಲ್ಲ. ರೂಪಾಯಿ ಮುಂಬೈಯಲ್ಲಿ, ಡಾಲರ್ ನ್ಯೂಯಾರ್ಕಿನಲ್ಲಿ ಪಾವತಿಯಾಗಬೇಕಾದ್ದರಿಂದ ವ್ಯಾಲ್ಯೂ ಡೇಟ್ ಎರಡೂ ಕಡೆ ಕೆಲಸದ ದಿನವೇ ಆಗಿರಬೇಕು. ಶನಿವಾರ, ಭಾನುವಾರ ದಾಟಿ ಅದು ಜುಲೈ 7, ಸೋಮವಾರಕ್ಕೆ ಹೋಗುತ್ತದೆ.

ಗುರುವಾರ ಮಾರಿದವರಿಗೆ? ಅವರದೂ ಸೋಮವಾರವೇ! ಮಧ್ಯದ ದಿನ ಅಮೆರಿಕಕ್ಕೆ ಮಾತ್ರ ರಜೆಯಿದ್ದರೆ ಡಾಲರ್ ವಹಿವಾಟಿನ ಸಾಮಾನ್ಯ ರೂಢಿಯಲ್ಲಿ ಎಣಿಕೆ ನಿಲ್ಲುವುದಿಲ್ಲ. ಶುಕ್ರವಾರ ಒಂದು, ಸೋಮವಾರ ಎರಡು. ನಮ್ಮ ರಜೆಗೆ ಈ ವಿನಾಯಿತಿ ಇಲ್ಲ. 2024ರ ಆಗಸ್ಟ್ 14, ಬುಧವಾರದ ವ್ಯವಹಾರದಲ್ಲಿ 15ನೇ ತಾರೀಖು ಲೆಕ್ಕಕ್ಕೇ ಸೇರದೆ, ಶುಕ್ರವಾರ ಮೊದಲ ದಿನವಾಗಿ, 19ರ ಸೋಮವಾರ ಸ್ಪಾಟ್ ಆಯಿತು.

ತಡವಾದರೆ ನಷ್ಟವೇನು ಎಂದು ಕೇಳಬಹುದು. ರಫ್ತುದಾರರ ಡಾಲರ್ ಆಗಲೇ ಬ್ಯಾಂಕಿಗೆ ಬಂದಿದ್ದು, ಅವರಿಗೆ ಬುಧವಾರವೇ ರೂಪಾಯಿ ಬೇಕಾದರೆ ‘ಕ್ಯಾಶ್’ ದರದಲ್ಲಿ ಮಾರಬಹುದು. ಆಗ ಬ್ಯಾಂಕು ಸ್ಪಾಟ್ ದರದಿಂದ ನಡುವಿನ ದಿನಗಳ ಪ್ರೀಮಿಯಂ ಕಳೆಯುತ್ತದೆ. ಇದು ಹೆಚ್ಚುಕಡಿಮೆ ಎರಡು ದೇಶಗಳ ಬಡ್ಡಿಯ ಅಂತರ. ಇದನ್ನು ವರ್ಷಕ್ಕೆ ಶೇ 2 ಎಂದಿಟ್ಟುಕೊಂಡರೆ ಎರಡು ದಿನಕ್ಕೆ ಡಾಲರಿಗೆ ಸುಮಾರು ಒಂದು ಪೈಸೆ, ಐದು ದಿನಕ್ಕೆ 2.3 ಪೈಸೆ. ಲಕ್ಷ ಡಾಲರಿಗೆ ಸುಮಾರು 940 ರೂಪಾಯಿ ಹೋಗುವ ಕಡೆ 2,340 ರೂಪಾಯಿ ಹೋಗುತ್ತದೆ. ಎಣಿಕೆಯಲ್ಲಿ ಕೆಲಸದ ದಿನಗಳಷ್ಟೇ, ಬಡ್ಡಿಗೆ ಮಾತ್ರ ಭಾನುವಾರವೂ ಉಂಟು. ಇದರಲ್ಲಿ ಬ್ಯಾಂಕಿನ ಕೈಚಳಕವೇನೂ ಇಲ್ಲ, ಕ್ಯಾಲೆಂಡರಿನದೇ ಕೆಲಸ.

ಕನ್ನಡಿಗರು ಎಡವುವುದು ಇನ್ನೊಂದು ಕಡೆ. ಈ ಎಣಿಕೆಗೆ ಮುಖ್ಯ ಮುಂಬೈಯ ರಜೆ, ಬೆಂಗಳೂರಿನದಲ್ಲ. 2023ರಲ್ಲಿ ರಾಜ್ಯೋತ್ಸವ ಬುಧವಾರ ಬಂದಿತ್ತು. ಅಕ್ಟೋಬರ್ 30ರ ಸೋಮವಾರ ಕುದುರಿದ ಸ್ಪಾಟ್ ವ್ಯವಹಾರದ ವ್ಯಾಲ್ಯೂ ಡೇಟ್ ನವೆಂಬರ್ 1 ಆಗಿಯೇ ಉಳಿಯಿತು. ಇಂಥ ವಾರ ಇಲ್ಲಿನ ಶಾಖೆಯಲ್ಲಿ ಸಹಿ, ಕಾಗದಪತ್ರ ಏನೇ ಬಾಕಿಯಿದ್ದರೂ ಮಂಗಳವಾರ ಸಂಜೆಯೊಳಗೆ ಮುಗಿಸಬೇಕು. ದರ ಒಪ್ಪುವಾಗಲೇ ವ್ಯಾಲ್ಯೂ ಡೇಟ್ ಕೇಳಿಕೊಂಡು, ಬ್ಯಾಂಕು ಕಳಿಸುವ ದೃಢೀಕರಣ ಪತ್ರದಲ್ಲಿ ಅದೇ ತಾರೀಖಿದೆಯೇ ಎಂದು ನೋಡಿಕೊಂಡರೆ, ಸಂಬಳ ಬಟವಾಡೆಯ ದಿನ ಖಾತೆ ಖಾಲಿಯಿರುವ ಪ್ರಸಂಗ ಬರುವುದಿಲ್ಲ.